612ರಲ್ಲಿ ನಿಂತ ಕಾಯಿಲ್

ಬಿಎಸ್ಸಿಯ ಎರಡನೇ ವರ್ಷದಲ್ಲಿ ನಮ್ಮ ಮೇಡಂ ಫೆರೈಟ್ ಕಡ್ಡಿಗೆ ಸುತ್ತಿದ 200 ಮೈಕ್ರೊಹೆನ್ರಿ ಕಾಯಿಲ್ ಒಂದನ್ನು ಕೊಟ್ಟು, ಸಮಾನಾಂತರವಾಗಿ ಕೆಪ್ಯಾಸಿಟರ್ ಜೋಡಿಸಿ ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಜ್‌ಗೆ ಟ್ಯೂನ್ ಮಾಡಿ ಎಂದರು. ಸುಮಾರು 340 ಪಿಕೊಫ್ಯಾರಡ್ ಬೇಕಾಯಿತು.

ಮಲ್ಟಿಮೀಟರ್‌ನಲ್ಲಿ ಕಾಯಿಲ್ ರೆಸಿಸ್ಟೆನ್ಸ್ 3 ಓಮ್ ಇತ್ತು. ಟ್ಯೂನಿಂಗ್ ಎಷ್ಟು ಚೂಪು ಅಂತ ಹೇಳುವ ಸಂಖ್ಯೆ ಕ್ಯೂ. Q = 2πfL/R ಲೆಕ್ಕದಲ್ಲಿ ಅದು 256. 612ನ್ನು ಅದರಿಂದ ಭಾಗಿಸಿದರೆ ಶಿಖರದ ಅಗಲ, ಅಂದರೆ ಬ್ಯಾಂಡ್‌ವಿಡ್ತ್, 2.4 ಕಿಲೋಹರ್ಟ್ಜ್. ಸೂಜಿಯಂಥ ಶಿಖರ ಬರುತ್ತದೆ ಅಂತ ಕಾದೆವು.

ಜನರೇಟರ್‌ನಿಂದ 10 ಕಿಲೋಓಮ್ ರೆಸಿಸ್ಟರ್ ಮೂಲಕ 10 ವೋಲ್ಟ್ ಕೊಟ್ಟೆವು. ಆಸಿಲೋಸ್ಕೋಪ್‌ನಲ್ಲಿ ಸುಮಾರು 9 ವೋಲ್ಟ್ ಕಂಡಾಗ ಖುಷಿಯಾಯಿತು. ಆದರೆ ಎತ್ತರದ 0.707 ಪಾಲಿಗೆ ಇಳಿದ ಜಾಗ ಹುಡುಕಿದರೆ ಒಂದು ಕಡೆ 586, ಇನ್ನೊಂದು ಕಡೆ 639. ಅಂದರೆ 53 ಕಿಲೋಹರ್ಟ್ಜ್! ಅದು ಸೂಜಿಯಲ್ಲ, ಗುಡ್ಡ.

ಮೇಡಂ ತಪ್ಪು ಯಾವುದು ಅಂತ ಹೇಳಲಿಲ್ಲ. "ನಿಮ್ಮ 10 ಕಿಲೋಓಮ್ ಯಾವುದಕ್ಕೆ ಸಮಾನಾಂತರವಾಗಿ ಕೂತಿದೆ ನೋಡಿ" ಎಂದರು ಅಷ್ಟೇ. ಜನರೇಟರ್‌ನ ಒಳಗಿನ ರೆಸಿಸ್ಟೆನ್ಸ್ ತೀರಾ ಕಡಿಮೆ. ಹಾಗಾಗಿ ಸರ್ಕ್ಯೂಟ್‌ನ ಕಡೆಯಿಂದ ನೋಡಿದರೆ ಆ ರೆಸಿಸ್ಟರ್ ಕಾಯಿಲ್‌ನ ಎರಡು ತುದಿಗೆ ಅಡ್ಡಲಾಗಿಯೇ ಇದೆ. ಕಾಯಿಲ್‌ಗಿಂತ ಜಾಸ್ತಿ ಶಕ್ತಿಯನ್ನು ಅದೇ ತಿನ್ನುತ್ತಿತ್ತು.

ಅದನ್ನು ತೆಗೆದು 1 ಮೆಗಾಓಮ್ ಹಾಕಿದೆವು. ಆಸಿಲೋಸ್ಕೋಪ್‌ನ ಪ್ರೋಬನ್ನೂ 10X ಸ್ಥಾನಕ್ಕೆ ತಿರುಗಿಸಿದೆವು. ಪ್ರೋಬ್‌ನ ಕೆಪ್ಯಾಸಿಟೆನ್ಸ್ ಬದಲಾದದ್ದರಿಂದ ಮತ್ತೆ ಸ್ವಲ್ಪ ಟ್ಯೂನ್ ಮಾಡಬೇಕಾಯಿತು. ಶಿಖರ 0.7 ವೋಲ್ಟ್‌ಗೆ ಇಳಿಯಿತು, ಆದರೆ ಬ್ಯಾಂಡ್‌ವಿಡ್ತ್ 6.6ಕ್ಕೆ ಬಂತು. ಕ್ಯೂ 93. ಹೊರಗಿನ 1 ಮೆಗಾಓಮ್‌ನ ಪಾಲನ್ನು ಕಳೆದರೆ ಕಾಯಿಲ್‌ನದೇ ಕ್ಯೂ ಸುಮಾರು 100.

ಆದರೂ 256 ಎಲ್ಲಿ ಹೋಯಿತು? ಹಿಂದಕ್ಕೆ ಲೆಕ್ಕ ಹಾಕಿದರೆ 612 ಕಿಲೋಹರ್ಟ್ಜ್‌ನಲ್ಲಿ ಕಾಯಿಲ್ ರೆಸಿಸ್ಟೆನ್ಸ್ 3 ಅಲ್ಲ, 7.7 ಓಮ್. ಆ ಆವರ್ತನದಲ್ಲಿ ಕರೆಂಟ್ ತಂತಿಯ ಅಂಚಿಗೆ ಒತ್ತಿಕೊಂಡು ಹರಿಯುತ್ತದೆ, ಫೆರೈಟ್ ಕೂಡ ಸ್ವಲ್ಪ ಬಿಸಿಯಾಗುತ್ತದೆ. ಮಲ್ಟಿಮೀಟರ್ ಅಳೆಯುವುದು ನೇರ ಕರೆಂಟ್‌ನಲ್ಲಿ. ಅದಕ್ಕೆ ಇದು ಕಾಣುವುದೇ ಇಲ್ಲ.

ನಂಗೆ ಇವತ್ತಿಗೂ ಇಷ್ಟವಾಗುವುದು ಕೊನೆಯ ಅರ್ಧ ಗಂಟೆ. ಕಾಯಿಲ್ ಜೊತೆ ಸರಣಿಯಲ್ಲಿ 8 ಓಮ್ ಸೇರಿಸಿದೆವು. ಶಿಖರ 612ರಿಂದ ಕದಲಲಿಲ್ಲ. ಎತ್ತರ ಮಾತ್ರ 0.7ರಿಂದ 0.36 ವೋಲ್ಟ್‌ಗೆ ಇಳಿಯಿತು, ಬ್ಯಾಂಡ್‌ವಿಡ್ತ್ 13 ಆಯಿತು. ಆಗ ಮೇಡಂ ಜನರೇಟರನ್ನು 621ಕ್ಕೆ ತಿರುಗಿಸಿದರು. ನಮ್ಮ ದೇಶದ ಮೀಡಿಯಂ ವೇವ್‌ನಲ್ಲಿ ಪಕ್ಕದ ಚಾನೆಲ್ ಇರುವುದು 9 ಕಿಲೋಹರ್ಟ್ಜ್ ದೂರದಲ್ಲಿ. ಅಲ್ಲಿ 8 ಓಮ್ ಹಾಕುವ ಮೊದಲು 0.24 ವೋಲ್ಟ್ ಇತ್ತು, ಹಾಕಿದ ಮೇಲೆ 0.21. ನಮಗೆ ಬೇಕಾದ ಸ್ಟೇಷನ್ ಅರ್ಧಕ್ಕೆ ಕುಸಿದಿತ್ತು, ಬೇಡದ್ದು ಹೆಚ್ಚುಕಡಿಮೆ ಹಾಗೇ ಉಳಿದಿತ್ತು.