ಎಂ.ಎಸ್ಸಿ. ಮೊದಲಾ, ಕೆಲಸ ಮೊದಲಾ?

ಕುಶಾಲನಗರದ ಹತ್ತಿರ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿಯ ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕಾರ್ಖಾನೆಯಲ್ಲಿ, ಲ್ಯಾಬ್ ನೋಡಿಕೊಳ್ಳುತ್ತೇನೆ. ಜನವರಿಯಲ್ಲಿ ಚೆರ್ರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು, ತುಂಬಿದ ಲಾರಿಗಳು ಗೇಟಿನಾಚೆಗೂ ಸಾಲು ನಿಂತಿದ್ದ ದಿನವೇ ಪಕ್ಕದ ಮನೆಯ ಹುಡುಗ ಬಂದ. ಕೊನೆಯ ವರ್ಷದ ಬಿ.ಎಸ್ಸಿ. "ಅಕ್ಕ, ಎಂ.ಎಸ್ಸಿ.ಗೆ ಹೋಗ್ಲಾ, ಇಲ್ಲ ನಿಮ್ಮಲ್ಲೇ ಸೇರ್ಕೊಳ್ಲಾ?" ಎಂದ. "ಆಮೇಲೆ ಏನಾಗ್ಬೇಕು ಅಂತಿದ್ದೀಯ, ಅದನ್ನ ಮೊದ್ಲು ಹೇಳು" ಎಂದೆ. ಅವನ ಹತ್ತಿರ ಉತ್ತರ ಇರಲಿಲ್ಲ. ಅವನ ವಯಸ್ಸಲ್ಲಿ ನನ್ನ ಹತ್ತಿರವೂ ಇರಲಿಲ್ಲ.

ನಾನು ಕೆಲಸಕ್ಕೇ ಮೊದಲು ಸೇರಿದವಳು. ಐವತ್ತು ಕೆಜಿ ಚೆರ್ರಿ ಮೂಟೆಯಿಂದ ಸಿಪ್ಪೆ ತೆಗೆದ ಮೇಲೆ ಎಷ್ಟು ಕೆಜಿ ಬೀಜ ಸಿಗುತ್ತದೋ ಅದು ಓಟಿ. ಬೆಳೆಗಾರನಿಗೆ ಸಿಗುವ ದುಡ್ಡು ಅದರ ಮೇಲೆ ನಿಂತಿದೆ. ಚೆರ್ರಿ ಸರಿಯಾಗಿ ಒಣಗಿರದಿದ್ದರೆ ನೀರಿನ ತೂಕಕ್ಕೂ ನಾವು ಕಾಫಿಯ ದರ ಕೊಟ್ಟಂತಾಗುತ್ತದೆ. ಹಾಗಾಗಿ ತೇವಾಂಶ ನೋಡದೆ ಓಟಿ ಬರೆಯುವುದಿಲ್ಲ. ಎರಡು ಸೀಸನ್ ಕಳೆಯುವಷ್ಟರಲ್ಲಿ ಚೆರ್ರಿಯನ್ನು ಅಂಗೈಯಲ್ಲಿ ಅಲುಗಾಡಿಸಿ, ಒಳಗೆ ಬೀಜ ಗಲಗಲ ಅನ್ನುವುದನ್ನು ಕೇಳಿಯೇ ಒಣಗಿದೆಯೋ ಇಲ್ಲವೋ ಹೇಳುವಷ್ಟಾಗಿದ್ದೆ. ಇದು ಯಾವ ಎಂ.ಎಸ್ಸಿ.ಯಲ್ಲೂ ಸಿಗುವುದಿಲ್ಲ ಎಂಬ ಜಂಭವೂ ಇತ್ತು.

ಆ ಜಂಭ ಇಳಿಸಿದ್ದು ಎಂ.ಎಸ್ಸಿ. ಮುಗಿಸಿ ಬಂದ ಹೊಸ ಹುಡುಗ. ಸೇರಿದ ಮೂರನೇ ವಾರದಲ್ಲಿ, "ಮೇಡಂ, ಈ ಮಾಯಿಶ್ಚರ್ ಮೀಟರ್ ಕ್ಯಾಲಿಬ್ರೇಟ್ ಮಾಡಿ ಎಷ್ಟು ದಿನ ಆಯ್ತು?" ಎಂದು ಕೇಳಿದ. ಮೀಟರ್ ಶೇ. 11 ತೇವಾಂಶ ತೋರಿಸುತ್ತಿದ್ದ ಸ್ಯಾಂಪಲ್ಲನ್ನೇ ಅವನು ತೂಗಿ ಓವನ್ನಿನಲ್ಲಿ 105 ಡಿಗ್ರಿಗೆ ಹದಿನಾರು ಗಂಟೆ ಇಟ್ಟು, ತಣ್ಣಗಾದ ಮೇಲೆ ಮತ್ತೆ ತೂಗಿದ. ಲೆಕ್ಕ ಹಾಕಿದರೆ 12.4. ಎರಡು ವರ್ಷ ದಿನಕ್ಕೆ ನೂರು ಸಲ ಆ ಮೀಟರ್ ಮುಟ್ಟಿದ್ದೆ. ಅದು ತಪ್ಪು ಹೇಳಬಹುದು ಅಂತ ಒಮ್ಮೆಯೂ ಹೊಳೆದಿರಲಿಲ್ಲ. ಅದೇ ಹುಡುಗ ಹಸಿ ಚೆರ್ರಿಯನ್ನು ಕೈಯಲ್ಲಿ ಹಿಡಿದರೆ ಮಾತ್ರ ನನ್ನ ಮುಖ ನೋಡುತ್ತಿದ್ದ, ಅದು ಬೇರೆ ಮಾತು.

ಇಷ್ಟರಲ್ಲಿ ಯಾರು ಮೇಲು ಅಂತ ತೀರ್ಮಾನಿಸಲು ಆಗುವುದಿಲ್ಲ. ತೀರ್ಮಾನ ಆಗಿದ್ದು ಬೇರೆ ಕಡೆ, ಅದೂ ನನ್ನ ಸ್ವಂತ ಖರ್ಚಿನಲ್ಲಿ. ಕೆಲಸ ಮಾಡುತ್ತಲೇ ದೂರಶಿಕ್ಷಣದಲ್ಲಿ ಎಂ.ಎಸ್ಸಿ. ಮುಗಿಸಿದ್ದೆ. ಆಮೇಲೆ ಒಂದು ಕಚೇರಿಯ ಲ್ಯಾಬ್ ಹುದ್ದೆಗೆ ಅರ್ಜಿ ಹಾಕಿದೆ. ಎಂ.ಎಸ್ಸಿ. ಜೊತೆಗೆ ಎರಡು ವರ್ಷ ಅನುಭವ ಕೇಳಿದ್ದರು. ನನಗೆ ನಾಲ್ಕು ವರ್ಷ ಆಗಿತ್ತು, ಸುಲಭವಾಗಿ ಸಿಗುತ್ತದೆ ಅಂದುಕೊಂಡಿದ್ದೆ. ದಾಖಲೆ ಪರಿಶೀಲನೆಯಲ್ಲಿ ಕೂತವರು ಅಧಿಸೂಚನೆಯ ಒಂದು ಸಾಲಿನ ಮೇಲೆ ಬೆರಳಿಟ್ಟರು: ನಿಗದಿತ ವಿದ್ಯಾರ್ಹತೆ ಪಡೆದ ನಂತರದ ಅನುಭವ. ಎಂ.ಎಸ್ಸಿ. ಫಲಿತಾಂಶದ ದಿನದಿಂದ ಎಣಿಸಿದರೆ ನನ್ನದು ಏಳು ತಿಂಗಳು. ಬಿ.ಎಸ್ಸಿ. ಮೇಲೆ ದುಡಿದ ವರ್ಷಗಳು ಆ ಹುದ್ದೆಗೆ ಸೊನ್ನೆ.

ಅಂಥ ಹುದ್ದೆಯ ಆಸೆ ಇದ್ದರೆ ಎಂ.ಎಸ್ಸಿ. ಮೊದಲು, ಅನುಭವ ಆಮೇಲೆ. ಪಾಠ ಹೇಳುವ ಆಸೆ ಇದ್ದರಂತೂ ಯೋಚನೆಯೇ ಬೇಡ. ಡಿಗ್ರಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಬರೆಯುವ ನೆಟ್ ಪರೀಕ್ಷೆಗೆ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ ಬೇಕು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಇಪ್ಪತ್ತು ವರ್ಷ ದುಡಿದರೂ ಆ ಅಂಕದ ಜಾಗ ತುಂಬುವುದಿಲ್ಲ. ಖಾಸಗಿ ರಫ್ತು ಕಂಪನಿಗಳ ಕ್ವಾಲಿಟಿ ವಿಭಾಗದಲ್ಲಿ ನಾನು ಕಂಡಿದ್ದು ಇದಕ್ಕೆ ಉಲ್ಟಾ. ಸಂದರ್ಶನಕ್ಕೆ ಹೋದರೆ ಟ್ರೇನಲ್ಲಿ ಬೀಜ ಸುರಿದು, ಇದರಲ್ಲಿ ಬೋರರ್ ಹುಳ ಹೊಡೆದದ್ದು ಯಾವುದು, ಕಪ್ಪು ಯಾವುದು, ಬ್ಲೀಚ್ ಆದದ್ದು ಯಾವುದು, ಬೇರೆ ಮಾಡಿ ಅನ್ನುತ್ತಾರೆ. ಮುಂದೆ ಅಲ್ಲೇ ಬೆಳೆಯಬೇಕು ಅಂದರೆ ಕಾಫಿ ಮಂಡಳಿ ಬೆಂಗಳೂರಿನಲ್ಲಿ ನಡೆಸುವ ಕಾಫಿ ಗುಣಮಟ್ಟದ ಒಂದು ವರ್ಷದ ಪಿ.ಜಿ. ಡಿಪ್ಲೊಮಾ ಇದೆ. ಎರಡು ಸೀಸನ್ ಬೀಜ ಮುಟ್ಟಿ ಹೋದವರಿಗೆ ಅಲ್ಲಿನ ಪಾಠ ಬೇಗ ಹತ್ತುತ್ತದೆ ಅಂತ ನನ್ನ ಅನಿಸಿಕೆ.

ಕೆಲಸಕ್ಕೆ ಸೇರುವವರು ಕಾಗದದ ವಿಷಯದಲ್ಲಿ ಮೋಸ ಹೋಗಬಾರದು. ನನ್ನ ಮೊದಲ ವರ್ಷ ಗುತ್ತಿಗೆದಾರನ ಲೆಕ್ಕದಲ್ಲಿತ್ತು. ದಿನವಿಡೀ ಮಾಡಿದ್ದು ಲ್ಯಾಬ್ ಕೆಲಸ, ಕೊನೆಗೆ ಕೈಗೆ ಬಂದ ಪತ್ರದಲ್ಲಿದ್ದದ್ದು 'ಹೆಲ್ಪರ್'. ಪಿ.ಎಫ್. ಕಟ್ಟಿರಲಿಲ್ಲ, ಆದ್ದರಿಂದ ಆ ವರ್ಷ ನಾನು ಅಲ್ಲಿದ್ದೆ ಅನ್ನುವುದಕ್ಕೆ ಬೇರೆ ಸಾಕ್ಷಿಯೂ ಇಲ್ಲ.

ಪಕ್ಕದ ಮನೆಯ ಹುಡುಗನಿಗೆ ಇದನ್ನೆಲ್ಲ ಹೇಳಿ, ತನಗೆ ಬೇಕೆನಿಸುವ ಹುದ್ದೆಗಳ ಮೂರು ಹಳೆಯ ಅಧಿಸೂಚನೆ ಹುಡುಕಿ ವಿದ್ಯಾರ್ಹತೆಯ ಸಾಲಿಗೆ ಗೆರೆ ಎಳೆದು ತಾ ಎಂದು ಕಳಿಸಿದೆ. ವಾರ ಬಿಟ್ಟು ಬಂದ. ಎರಡರಲ್ಲಿ ಎಂ.ಎಸ್ಸಿ. ಕಡ್ಡಾಯ ಇತ್ತು. "ಅಪ್ಪನಿಗೆ ಏನಂತ ಹೇಳ್ಲಿ ಅಕ್ಕ? ಈ ಸಲದ ಕರಿಮೆಣಸಿನ ದುಡ್ಡು ಆಗ್ಲೇ ಖಾಲಿ" ಎಂದ. ಹಾಗಾದರೆ ಈ ಡಿಸೆಂಬರಿನಿಂದ ಒಂದೇ ಒಂದು ಸೀಸನ್ ಬಾ, ಬರುವ ವರ್ಷ ಎಂ.ಎಸ್ಸಿ.ಗೆ ಅರ್ಜಿ ಹಾಕು ಎಂದಿದ್ದೇನೆ. ಆರ್ಡರ್‌ನಲ್ಲಿ 'ಲ್ಯಾಬ್ ಟ್ರೈನಿ' ಎಂದೇ ಬರೆಸುವ ಕೆಲಸ ನನ್ನದು.