ಮನೆ ಗಂಡನ ಹೆಸರಲ್ಲಿದೆ, ದುಡ್ಡು ಇಬ್ಬರದೂ: ವಿಚ್ಛೇದನದಲ್ಲಿ ಪಾಲು ಹೇಗೆ?

“ಮನೆ ಅವರ ಹೆಸರಲ್ಲಿದೆ. ಆದರೆ ಕಟ್ಟಿದ ದುಡ್ಡಲ್ಲಿ ನನ್ನದೂ ಇದೆ. ಡಿವೋರ್ಸ್ ಆದರೆ ಅರ್ಧ ನನಗೆ ಬರಬೇಕಲ್ಲವಾ?”

ತಾನಾಗಿ ಬರುವುದಿಲ್ಲ. ಮದುವೆಯಾದ ಮೇಲೆ ಗಳಿಸಿದ್ದೆಲ್ಲ ಇಬ್ಬರದು ಎಂಬ ನಿಯಮ ನಮ್ಮ ದೇಶದಲ್ಲಿ ಗೋವಾ, ದಮನ್ ಮತ್ತು ದಿಯು ಬಿಟ್ಟರೆ ಬೇರೆಲ್ಲೂ ಇಲ್ಲ. ಅಲ್ಲಿ ಪೋರ್ಚುಗೀಸರ ಕಾಲದ ನಾಗರಿಕ ಸಂಹಿತೆ ಉಳಿದುಕೊಂಡಿದೆ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಪಾಲು ಕೊಡಿಸುವ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯನ್ನು ದಾಟಿತ್ತು. ಲೋಕಸಭೆಯ ಅವಧಿ ಮುಗಿದು ಅದೂ ಬಿದ್ದುಹೋಯಿತು. ಆದ್ದರಿಂದ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಇಂದಿಗೂ ಕ್ರಯಪತ್ರದಲ್ಲಿ ಯಾರ ಹೆಸರಿದೆಯೋ ಆಸ್ತಿ ಅವರದು, ಇನ್ನೊಬ್ಬರು ಅದನ್ನು ಸುಳ್ಳೆಂದು ಸಾಬೀತು ಮಾಡುವವರೆಗೆ.

ಆ ಸಾಬೀತಿಗೆ ದಾರಿ ಇದೆ. ಒಬ್ಬರು ದುಡ್ಡು ಕೊಟ್ಟು ಇನ್ನೊಬ್ಬರ ಹೆಸರಲ್ಲಿ ಕೊಂಡರೆ ಅದು ಬೇನಾಮಿ. 1988ರ ಬೇನಾಮಿ ನಿಷೇಧ ಕಾಯ್ದೆಯ ಪ್ರಕಾರ ಅಂಥ ಆಸ್ತಿಯನ್ನು ವಾಪಸ್ ಕೇಳುವಂತಿಲ್ಲ. ಆದರೆ 2016ರ ತಿದ್ದುಪಡಿಯ ನಂತರದ ಕಾಯ್ದೆಯಲ್ಲಿ ಗಂಡ ಅಥವಾ ಹೆಂಡತಿಯ ಹೆಸರಲ್ಲಿ ಕೊಂಡದ್ದಕ್ಕೆ ವಿನಾಯಿತಿ ಇದೆ, ದುಡ್ಡು ಎಲ್ಲಿಂದ ಬಂತೆಂದು ತೋರಿಸಬಲ್ಲವರಿಗೆ ಮಾತ್ರ. ಈ ದಾವೆಯನ್ನು ಬೇರೆ ಸಿವಿಲ್ ಕೋರ್ಟಿಗೆ ಒಯ್ಯಬೇಕಿಲ್ಲ. ದಂಪತಿಗಳ ಆಸ್ತಿಯ ವ್ಯಾಜ್ಯವನ್ನು ಕೌಟುಂಬಿಕ ನ್ಯಾಯಾಲಯವೇ ತೀರ್ಮಾನಿಸಬಹುದು. “ನಿನಗಿದರಲ್ಲಿ ಏನೂ ಇಲ್ಲ” ಎಂದು ಗಂಡ ಸ್ಪಷ್ಟವಾಗಿ ನಿರಾಕರಿಸಿದ ಮೇಲೆ ಹಕ್ಕು ಘೋಷಣೆಗೆ ಸಾಮಾನ್ಯವಾಗಿ ಮೂರು ವರ್ಷ ಕಾಲಾವಕಾಶ. ಜೀವನಾಂಶದ ಕೇಸು ನಡೆಯುತ್ತಿದೆಯಲ್ಲ ಎಂದು ಸುಮ್ಮನಿದ್ದು ಈ ಗಡುವು ಕಳೆದುಕೊಳ್ಳುವವರು ಕಡಿಮೆಯಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. 60 ಲಕ್ಷದ ಮನೆ, ಗಂಡನೊಬ್ಬನ ಹೆಸರು. ಬ್ಯಾಂಕ್ ಸಾಲ 42 ಲಕ್ಷ, ಕೈಯಿಂದ ಹಾಕಿದ್ದು 18 ಲಕ್ಷ. ಆ 18ರಲ್ಲಿ 6 ಲಕ್ಷವನ್ನು ಹೆಂಡತಿ ತನ್ನ ಖಾತೆಯಿಂದ ನೇರವಾಗಿ ಮಾರಾಟಗಾರರಿಗೆ ಚೆಕ್ಕಿನಲ್ಲಿ ಕೊಟ್ಟಿದ್ದಾಳೆ. ಒಡವೆ ಮಾರಿ ಇನ್ನೂ 3 ಲಕ್ಷ ನಗದು ಕೊಟ್ಟಿದ್ದಾಳೆ. ಆಮೇಲೆ ಐದು ವರ್ಷ ತಿಂಗಳಿಗೆ 15,000 ರೂಪಾಯಿಯಂತೆ ಗಂಡನ ಖಾತೆಗೆ ಹಾಕಿದ್ದಾಳೆ, ಅದು 9 ಲಕ್ಷ. ಅವಳ ಲೆಕ್ಕದಲ್ಲಿ ಒಟ್ಟು 18 ಲಕ್ಷ. ಕೋರ್ಟಿನ ಲೆಕ್ಕ ಬೇರೆ.

6 ಲಕ್ಷ ಗಟ್ಟಿ. ಕ್ರಯಪತ್ರದಲ್ಲಿ ಹಣ ಹೇಗೆ ಸಂದಾಯವಾಯಿತು ಎಂದು ಬರೆಯುವ ಭಾಗವಿರುತ್ತದೆ. ಇಂಥ ದಿನ, ಇಂಥ ಬ್ಯಾಂಕಿನ ಇಂಥ ನಂಬರಿನ ಚೆಕ್ಕು ಎಂದು. ಅಲ್ಲಿ ಅವಳ ಚೆಕ್ಕಿನ ನಂಬರಿದ್ದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಒಡವೆಯ 3 ಲಕ್ಷ ನಿಲ್ಲಬೇಕಾದರೆ ಅವಳಿಂದ ಒಡವೆ ಕೊಂಡದ್ದಕ್ಕೆ ಚಿನ್ನದಂಗಡಿ ಕೊಟ್ಟ ಚೀಟಿ, ಆಸುಪಾಸಿನ ದಿನಗಳಲ್ಲೇ ಆ ಹಣ ಬ್ಯಾಂಕಿಗೆ ಬಿದ್ದ ದಾಖಲೆ, ಎರಡೂ ಬೇಕು. ತಿಂಗಳ 15,000ದ್ದೇ ದೊಡ್ಡ ಜಗಳ: “ಅದು ಮನೆಖರ್ಚಿಗೆ ಕೊಟ್ಟದ್ದು” ಎಂದು ಗಂಡ ಹೇಳಿಯೇ ಹೇಳುತ್ತಾನೆ. ಹಣ ಬಂದ ಎರಡು ಮೂರು ದಿನಕ್ಕೆ ಅದೇ ಖಾತೆಯಿಂದ ಸಾಲದ ಕಂತು ಕಡಿತವಾಗಿರುವುದು ತಿಂಗಳು ತಿಂಗಳೂ ಕಂಡರೆ ಅವನ ಮಾತು ಸಡಿಲವಾಗುತ್ತದೆ.

6 ಲಕ್ಷವಷ್ಟೇ ಸಾಬೀತಾಯಿತು ಎನ್ನಿ. 60 ಲಕ್ಷದಲ್ಲಿ ಅದು ಹತ್ತನೇ ಒಂದು ಭಾಗ. ಈಗ ಮನೆಯ ಬೆಲೆ 1.2 ಕೋಟಿಯಾದರೆ, ಪಾಲು ಎಂದು ಒಪ್ಪಿದಲ್ಲಿ 12 ಲಕ್ಷ. ಗಂಡನ ವಕೀಲರು ಅದನ್ನು ಪಾಲಲ್ಲ, ಕೈಗಡ ಎನ್ನುತ್ತಾರೆ. ಕೈಗಡವೆಂದಾದರೆ 6 ಲಕ್ಷದ ಮೇಲೆ ಹೆಚ್ಚೆಂದರೆ ಬಡ್ಡಿ, ಅವಧಿ ಮೀರಿದ್ದರೆ ಅದೂ ಇಲ್ಲ. ಹಾಗಾಗಿ ಕೊಳ್ಳುವಾಗ ಇಬ್ಬರೂ ಸೇರಿ ಕೊಳ್ಳುತ್ತಿದ್ದೇವೆಂದು ತೋರಿಸುವ ಸಂದೇಶ, ಇಮೇಲ್, ಸಾಲದ ಅರ್ಜಿ ಏನಿದ್ದರೂ ಹುಡುಕಿ ತೆಗೆಯಬೇಕು. ಕ್ರಯಪತ್ರದಲ್ಲಿ ಇಬ್ಬರ ಹೆಸರಿದ್ದಿದ್ದರೆ ಈ ಪಾಡಿರುತ್ತಿರಲಿಲ್ಲ. ಯಾರು ಎಷ್ಟು ಹಾಕಿದರೆಂಬ ಪುರಾವೆ ಇಲ್ಲದಿದ್ದಾಗ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಸಮಪಾಲು ಎಂದೇ ಭಾವಿಸುತ್ತದೆ.

ಮನೆವಾರ್ತೆ ನೋಡಿಕೊಂಡ ದುಡಿಮೆಯೂ ಕೊಡುಗೆಯೇ ಎಂದು ಮದ್ರಾಸ್ ಹೈಕೋರ್ಟ್ 2023ರಲ್ಲಿ ಹೇಳಿದೆ. ಕರ್ನಾಟಕದ ಕೋರ್ಟುಗಳ ಮುಂದೆ ಅದನ್ನು ಉಲ್ಲೇಖಿಸಬಹುದು, ಆದರೆ ಅದು ಇಲ್ಲಿ ಕಟ್ಟುಪಾಡಲ್ಲ. ಅದನ್ನೇ ನೆಚ್ಚಿ ಕೇಸು ಕಟ್ಟಬೇಡಿ.

ಸಂಬಳವಿಲ್ಲದ, ಚೆಕ್ಕು ಕೊಟ್ಟಿಲ್ಲದ ಹೆಂಡತಿಗೆ ಮನೆ ಉಪಯೋಗಕ್ಕೆ ಬರುವುದು ಇನ್ನೊಂದು ಬಾಗಿಲಿಂದ. ಶಾಶ್ವತ ಜೀವನಾಂಶ ನಿಗದಿ ಮಾಡುವಾಗ ಕೋರ್ಟು ಗಂಡನ ಆದಾಯವನ್ನಷ್ಟೇ ಅಲ್ಲ, ಆಸ್ತಿಯನ್ನೂ ನೋಡಬೇಕೆಂದು ಹಿಂದೂ ವಿವಾಹ ಕಾಯ್ದೆಯ 25ನೇ ಸೆಕ್ಷನ್ ಹೇಳುತ್ತದೆ. 2020ರ ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನದಂತೆ ಇಬ್ಬರೂ ಆಸ್ತಿ ಮತ್ತು ಸಾಲದ ಅಫಿಡವಿಟ್ ಸಲ್ಲಿಸಬೇಕು. ಅವನ ಅಫಿಡವಿಟ್ಟಿನಲ್ಲಿ ಇಲ್ಲದ ಸೈಟು ಋಣಭಾರ ಪ್ರಮಾಣಪತ್ರದಲ್ಲಿ, ಅಂದರೆ ಇಸಿಯಲ್ಲಿ, ಸಿಕ್ಕಿದರೆ ಅವನ ಉಳಿದ ಮಾತುಗಳ ತೂಕವೂ ಇಳಿಯುತ್ತದೆ. ಆದ್ದರಿಂದ ನೋಂದಣಿ ಇಲಾಖೆಯ ಕಾವೇರಿ ತಾಣದಲ್ಲಿ ಮೊದಲೇ ಇಸಿ ತೆಗೆಸಿಡಿ.

ಅದೇ 25ನೇ ಸೆಕ್ಷನ್ನಿನಲ್ಲಿ ಬಹಳ ಜನ ಬಳಸದ ಒಂದು ಅಸ್ತ್ರವಿದೆ. ಜೀವನಾಂಶದ ಮೊತ್ತಕ್ಕೆ ಗಂಡನ ಸ್ಥಿರಾಸ್ತಿಯ ಮೇಲೆ ಋಣಭಾರ ಹಾಕಿಸಬಹುದು. “ನನಗೆ ಜೀವನಾಂಶ ಕೊಡಿಸಿ” ಎಂದಷ್ಟೇ ಅರ್ಜಿಯಲ್ಲಿದ್ದರೆ ಅವನು ಮಧ್ಯದಲ್ಲೇ ಮನೆ ಮಾರಿಬಿಡಬಹುದು. ಕೊಂಡವರನ್ನು ಹಿಡಿಯುವುದು ಕಷ್ಟ. ಮನೆಯ ಖಾತಾ ನಂಬರು, ಅಳತೆ, ಚಕ್ಕುಬಂದಿಯನ್ನು ಷೆಡ್ಯೂಲಿನಲ್ಲಿ ಬರೆದು, ಆ ಆಸ್ತಿಯ ಮೇಲೆಯೇ ಋಣಭಾರ ಕೇಳಿ, ಜೊತೆಗೆ ಮಾರದಂತೆ ತಡೆಯಾಜ್ಞೆಯ ಅರ್ಜಿ ಹಾಕಿದರೆ ಚಿತ್ರ ಬದಲಾಗುತ್ತದೆ. ಆಸ್ತಿಯೇ ವ್ಯಾಜ್ಯದ ವಿಷಯವಾಗುವುದರಿಂದ ನಡುವೆ ಕೊಂಡವರೂ ತೀರ್ಪಿಗೆ ಬದ್ಧರಾಗುತ್ತಾರೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಹೆಂಡತಿ ಹೆಂಡತಿಯಾಗಿ ವಿಭಾಗ ಕೇಳಲಾರಳು. ಸ್ತ್ರೀಧನ ಪೂರ್ತಿ ಅವಳದೇ. ವಾಸದ ಹಕ್ಕು ಇನ್ನೊಂದೇ ವಿಷಯ: 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮನೆ ಗಂಡನ ಹೆಸರಲ್ಲಿರಲಿ, ಅತ್ತೆಮಾವನ ಹೆಸರಲ್ಲಿರಲಿ, ಸಂಸಾರ ಮಾಡಿದ ಮನೆಯಾದರೆ ಅಲ್ಲಿ ಇರುವ ಹಕ್ಕು ಕೇಳಬಹುದು. ಅದರಿಂದ ಒಡೆತನ ಬರುವುದಿಲ್ಲ.

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ “ಮನೆ ಅವಳಿಗೆ” ಎಂದು ಬರೆದುಕೊಂಡು ನಿಶ್ಚಿಂತರಾಗುವವರು ಎರಡು ಕಡೆ ಎಡವುತ್ತಾರೆ. ಒಂದು, ನೋಂದಣಿ. ಹೆಂಡತಿಗೆ ಮಾಡುವ ದಾನಪತ್ರಕ್ಕೆ ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿ ಇದೆ. ಡಿಕ್ರಿಯಾದ ಮರುದಿನ ಅವಳು ಹೆಂಡತಿಯಲ್ಲ, ರಿಯಾಯಿತಿಯೂ ಇಲ್ಲ. ಹಾಗಾಗಿ ಇಬ್ಬರೂ ಕೋರ್ಟಿನ ಮುಂದೆ ಒಪ್ಪಿಗೆ ಹೇಳಬೇಕಾದ ಮೊದಲ ಮತ್ತು ಎರಡನೇ ಹಾಜರಾತಿಯ ನಡುವೆಯೇ ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸ ಮುಗಿಸಿ, ಪತ್ರದ ನಂಬರನ್ನು ರಾಜಿ ಅರ್ಜಿಯಲ್ಲಿ ಸೇರಿಸುವುದು ಲೇಸು.

ಎರಡು, ಸಾಲ. ನೀವಿಬ್ಬರೂ ಏನು ಬರೆದುಕೊಂಡರೂ ಬ್ಯಾಂಕಿಗೆ ಅದು ಅಂಟುವುದಿಲ್ಲ. ಮನೆ ಅಡಮಾನದಲ್ಲಿದ್ದರೆ ಅದರ ಒಪ್ಪಿಗೆಯಿಲ್ಲದೆ ವರ್ಗಾವಣೆ ತೊಡಕು. ಕ್ರಯಪತ್ರದಲ್ಲಿ ಹೆಸರಿಲ್ಲದೆ ಸಾಲಪತ್ರಕ್ಕೆ ಮಾತ್ರ ಕೋ-ಅಪ್ಲಿಕೆಂಟ್ ಆಗಿ ಸಹಿ ಹಾಕಿದ ಹೆಂಡತಿಯ ಸ್ಥಿತಿಯಂತೂ ಇನ್ನೂ ಕೆಟ್ಟದ್ದು: ಮನೆ ಅವನದು, ಸಾಲ ಇಬ್ಬರದು. ವಿಚ್ಛೇದನದ ಮೇಲೆ ಅವನು ಕಂತು ನಿಲ್ಲಿಸಿದರೆ ನೋಟಿಸು ಅವಳಿಗೂ ಬರುತ್ತದೆ, ಅವಳ ಸಿಬಿಲ್ ಅಂಕವೂ ಕುಸಿಯುತ್ತದೆ. ಮನೆ ಗಂಡನಿಗೇ ಉಳಿಯುವುದಾದರೆ, ಸಾಲದಿಂದ ತನ್ನ ಹೆಸರು ಬಿಡುಗಡೆಯಾದ ಬ್ಯಾಂಕಿನ ಪತ್ರ ಕೈಗೆ ಬರುವವರೆಗೆ ಎರಡನೇ ಹಾಜರಾತಿಯಲ್ಲಿ ಅಂತಿಮ ಒಪ್ಪಿಗೆಯ ಹೇಳಿಕೆ ಕೊಡಬಾರದು. ಅಲ್ಲಿಯವರೆಗೆ ಒಪ್ಪಿಗೆ ಹಿಂತೆಗೆದುಕೊಳ್ಳುವ ಹಕ್ಕು ಅವಳಿಗಿದೆ.