ಗ್ಯಾಸ್ ಗುಳಿಗೆಗೂ ಏಳದ ದನಿ

ಶ್ರಾವಣ ಶುರುವಾದ ವಾರ, ಹುಬ್ಬಳ್ಳಿಯ ನಮ್ಮ ಕಿವಿ-ಮೂಗು-ಗಂಟಲು ಒಪಿಡಿಗೆ ಒಂದೇ ದಿನ ಇಬ್ಬರು ಒಂದೇ ತಕರಾರು ಹೊತ್ತು ಬಂದರು. ಒಬ್ಬರು ಗದಗ ಕಡೆಯ ಸರಕಾರಿ ಶಾಲೆಯ ಶಿಕ್ಷಕಿ, ವಯಸ್ಸು 40ರ ಒಳಗೆ. ಇನ್ನೊಬ್ಬರು ಅಮರಗೋಳದ ಎಪಿಎಂಸಿಯಲ್ಲಿ ಉಳ್ಳಾಗಡ್ಡಿ ಸವಾಲು ಕೂಗುವವರು, 50 ದಾಟಿದವರು. ಇಬ್ಬರದೂ ದನಿ ಬಿದ್ದಿತ್ತು. ಇಬ್ಬರ ಕೈಚೀಲದಲ್ಲೂ ಗ್ಯಾಸಿಗೆಂದು ಕೊಡುವ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಗುಳಿಗೆಯ ಖಾಲಿ ಪಟ್ಟಿಗಳಿದ್ದವು. ಗಂಟಲಿಗೆ ಆಸಿಡ್ ಏರಿ ಹೀಗಾಗಿದೆ ಎಂದು ಇಬ್ಬರಿಗೂ ಯಾರೋ ಹೇಳಿದ್ದರು. ಆದರೆ ಇಬ್ಬರ ಧ್ವನಿತಂತುಗಳನ್ನೂ ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ.

ಸವಾಲು ಕೂಗುವವರನ್ನು ಮೊದಲು ಕೂರಿಸಿದೆ.

"ಯಾವಾಗಿಂದ ಹಿಂಗಾಗೇತ್ರಿ ಕಾಕಾ?"

"ಕಾರ ಹುಣ್ಣಿಮಿ ಮುಂದ ಸುರು ಆತ್ರೀ ಸರ. ಕೂಗಿ ಕೂಗಿ ಕಟ್ಟೇತಿ ಅನ್ಕೊಂಡೆ. ನೋವೇನೂ ಇಲ್ರೀ. ನುಂಗಾಕೂ ತ್ರಾಸ ಇಲ್ಲ."

ಕಾರ ಹುಣ್ಣಿಮೆಯಿಂದ ನಾಗರ ಪಂಚಮಿಗೆ ಸುಮಾರು 7 ವಾರ. ನೆಗಡಿ, ವೈರಸ್ ಜ್ವರದ ಜೊತೆ ಬೀಳುವ ದನಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಾನಾಗಿಯೇ ಏಳುತ್ತದೆ. ಮೂರು ವಾರದ ಗಡಿ ಇಟ್ಟುಕೊಳ್ಳುವುದು ಅದಕ್ಕೇ. ಅಷ್ಟರಲ್ಲಿ ಏಳದಿದ್ದರೆ ಬರೀ ಊತವಲ್ಲದೆ ಬೇರೇನೋ ಇರಬಹುದು, ಒಳಗೆ ನೋಡಲೇಬೇಕು. ನೋವಿಲ್ಲ ಅನ್ನುವುದನ್ನು ಕಾಕಾ ಸಮಾಧಾನದ ಮಾತೆಂದು ಹೇಳಿದರು. ಅವರ ವಯಸ್ಸಿನಲ್ಲಿ, ಹುಡುಗನಿದ್ದಾಗಿಂದ ಬೀಡಿ ಸೇದುತ್ತ ಬಂದವರಲ್ಲಿ, ನೋವಿಲ್ಲದೆ ಬಿದ್ದ ದನಿಯೇ ನನಗೆ ಹೆಚ್ಚು ಚಿಂತೆಯದು. ಧ್ವನಿತಂತುವಿನ ಕ್ಯಾನ್ಸರ್ ಆರಂಭದಲ್ಲಿ ನೋಯುವುದಿಲ್ಲ. ನುಂಗಲು ತೊಂದರೆ, ಕಿವಿಗೆ ಎಳೆಯುವ ನೋವು, ಕುತ್ತಿಗೆಯ ಗಡ್ಡೆ ಇವೆಲ್ಲ ಅದು ಬೆಳೆದ ಮೇಲೆ ಬರುವಂಥವು.

ದನಿ ದಿನದಲ್ಲಿ ಯಾವಾಗ ಹೇಗಿರುತ್ತದೆ ಎಂದು ಇಬ್ಬರನ್ನೂ ಕೇಳಿದೆ. ಶಿಕ್ಷಕಿ ತಕ್ಷಣ ಹೇಳಿದರು: "ಮುಂಜಾನೆ ಅಷ್ಟೇನೂ ಇರೂದಿಲ್ರಿ. ಮೂರನೇ ಪಿರಿಯಡ್ ಆದಮ್ಯಾಲೆ ಒಡೀತದ, ಸಂಜಿಗೆ ಪೂರ್ತಿ ಹೋಗ್ತದ. ಎರಡು ದಿನ ಸೂಟಿ ಇದ್ರ ಛಲೋ ಆಗ್ತದ." ದುಡಿದಷ್ಟು ಕೆಡುವುದು, ವಿಶ್ರಾಂತಿಗೆ ಸುಧಾರಿಸುವುದು ಗಂಟಲಿನ ಶ್ರಮದ ಗುರುತು. ಆಸಿಡ್‌ನದು ಇದಕ್ಕೆ ತಿರುಗಾಮುರುಗಾ. ಬೆಳಗ್ಗೆ ಎದ್ದಾಗ ಹೆಚ್ಚು ಒರಟು, ಪದೇ ಪದೇ ಗಂಟಲು ಕೆರೆದು ಸರಿಮಾಡಿಕೊಳ್ಳಬೇಕೆನಿಸುವುದು, ಗಂಟಲಲ್ಲಿ ಏನೋ ಕೂತಂತೆ ಅನಿಸುವುದು, ತಡವಾಗಿ ಊಟ ಮಾಡಿ ಮಲಗಿದ ಮರುದಿನ ಜಾಸ್ತಿಯಾಗುವುದು. ಕಾಕಾನ ದನಿ ಈ ಎರಡೂ ರೀತಿಯದಲ್ಲ. ಮುಂಜಾನೆಯೂ ಅಷ್ಟೇ, ಸಂಜೆಯೂ ಅಷ್ಟೇ, ಮಾರ್ಕೆಟ್ ಬಂದ್ ಇದ್ದ ದಿನವೂ ಅಷ್ಟೇ. ವಾರದಿಂದ ವಾರಕ್ಕೆ ಮಾತ್ರ ಒಂದಿಷ್ಟು ಹೆಚ್ಚು ಒರಟಾಗುತ್ತ ಬಂದಿದೆ.

ಈ ಲಕ್ಷಣಗಳು ಯಾವ ಕಡೆ ನೋಡಬೇಕೆಂದು ಹೇಳುತ್ತವೆ, ಅಷ್ಟೇ. ಇವುಗಳ ಮೇಲೆ ರೋಗವನ್ನು ತೀರ್ಮಾನಿಸಲು ಬರುವುದಿಲ್ಲ. ಬೀಡಿ ಸೇದುವವರಿಗೆ ಆಸಿಡಿಟಿಯೂ ಇರುತ್ತದೆ, ಸವಾಲು ಕೂಗುವವರಿಗೆ ಶ್ರಮವೂ ಇರುತ್ತದೆ. ಅವುಗಳ ಹಿಂದೆ ಮೂರನೆಯದೊಂದು ಆರಾಮಾಗಿ ಅಡಗಿ ಕೂರಬಹುದು.

"ನನ್ನ ಗಂಟಲಾ ತೋರಸೇನ್ರೀ ಸರ," ಅಂದರು ಕಾಕಾ. ಎಲ್ಲಿ, ಹೇಗೆ ಎಂದು ಬಿಡಿಸಿ ಕೇಳಿದಾಗ ವಿಷಯ ತಿಳಿಯಿತು. ಮೊದಲು ಒಬ್ಬರು ಬಾಯಿ ತೆರೆಸಿ ಬ್ಯಾಟರಿ ಬಿಟ್ಟು ನೋಡಿ ಗಂಟಲು ಕೆಂಪಾಗಿದೆ ಅಂದಿದ್ದರು. ಆಮೇಲೆ ಇನ್ನೊಂದು ಕಡೆ ಹೊಟ್ಟೆಯ ಎಂಡೋಸ್ಕೋಪಿ ಆಗಿ, ಸ್ವಲ್ಪ ಆಸಿಡ್ ಇದೆ, ಉಳಿದದ್ದು ನಾರ್ಮಲ್ ಎಂದು ರಿಪೋರ್ಟ್ ಬಂದಿತ್ತು. ಎರಡು ಸಲ ತಪಾಸಣೆ ಆಗಿದೆ, ಏನೂ ಸಿಕ್ಕಿಲ್ಲ ಎಂಬ ಧೈರ್ಯದ ಮೇಲೆ ಅವರು 5 ವಾರ ಗುಳಿಗೆ ನುಂಗಿದ್ದರು.

ಇದು ನಮ್ಮ ಭಾಗದಲ್ಲಿ ಬಹಳ ಜನಕ್ಕೆ ಆಗುವುದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಯಿ ತೆರೆದು ಬ್ಯಾಟರಿ ಬಿಟ್ಟರೆ ಕಾಣುವುದು ಟಾನ್ಸಿಲ್, ಕಿರುನಾಲಿಗೆ ಮತ್ತು ಹಿಂದಿನ ಗೋಡೆ. ಧ್ವನಿಪೆಟ್ಟಿಗೆ ಇರುವುದು ನಾಲಿಗೆಯ ಬುಡದ ಹಿಂದೆ, ಇನ್ನೂ ಕೆಳಗೆ. ಅಲ್ಲಿಗೆ ಆ ಬೆಳಕು ಮುಟ್ಟುವುದೇ ಇಲ್ಲ. ಹೊಟ್ಟೆಯ ಎಂಡೋಸ್ಕೋಪಿಯ ಕೊಳವೆ ಧ್ವನಿಪೆಟ್ಟಿಗೆಯ ಹಿಂದಿನಿಂದ ಅನ್ನನಾಳಕ್ಕೆ ಇಳಿಯುತ್ತದೆ. ಅದನ್ನು ಹಾಕುವವರ ಗಮನ ಜಠರದ ಮೇಲಿರುತ್ತದೆ, ಧ್ವನಿತಂತುಗಳನ್ನು ಹತ್ತಿರದಿಂದ ನೋಡುವುದು ಆ ಪರೀಕ್ಷೆಯ ಕೆಲಸವಲ್ಲ. ಕೆಲವರು ಕುತ್ತಿಗೆಯ ಸ್ಕ್ಯಾನ್ ಮಾಡಿಸಿಕೊಂಡು ಬಂದಿರುತ್ತಾರೆ. ತಂತುವಿನ ಮೇಲ್ಮೈಯಲ್ಲಿ ಎರಡು ಮಿಲಿಮೀಟರ್ ದಪ್ಪವಾದದ್ದು ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಮೊದಲು ಕಣ್ಣಿಂದ ನೋಡಬೇಕು, ಸ್ಕ್ಯಾನ್ ಬೇಕೋ ಬೇಡವೋ ಎನ್ನುವುದು ಆಮೇಲಿನ ಮಾತು. ಹಾಗಾಗಿ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಬೇಕಾದ ಪರೀಕ್ಷೆಯ ಹೆಸರು ಲಾರಿಂಗೋಸ್ಕೋಪಿ. "ನನ್ನ ಧ್ವನಿತಂತು ಕಂಡವೇನ್ರಿ, ಎರಡೂ ಅಲ್ಲಾಡ್ತಾವೇನ್ರಿ?" ಎಂದು ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು.

ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ಕಾಕಾನನ್ನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿಸಿ, ಗದ್ದ ಎತ್ತಿಸಿ ಕೂರಿಸಿದೆವು. ಗಂಟಲಿಗೆ ಲಿಗ್ನೊಕೇನ್ ಸ್ಪ್ರೇ ಹೊಡೆದು, ಜೋಮು ಹಿಡಿದ ಮೇಲೆ ನಾಲಿಗೆಯನ್ನು ಗಾಜ್ ಬಟ್ಟೆಯಿಂದ ಹಿಡಿದು, 70 ಡಿಗ್ರಿ ಓರೆಯ ದುರ್ಬೀನನ್ನು ಬಾಯೊಳಗೆ ಇಳಿಸಿದೆ. "ಈ... ಅನ್ರಿ, ಉದ್ದಕ ಅನ್ರಿ," ಎಂದಾಗ ತಂತುಗಳು ಕೂಡುತ್ತವೆ, ಉಸಿರೆಳೆದಾಗ ಅಗಲುತ್ತವೆ. ವಾಕರಿಕೆ ತಡೆಯದವರಿಗೆ ಮೂಗಿನಿಂದ ಇಳಿಸುವ ಬಾಗುವ ಕೊಳವೆ ಇದೆ, ಅದರಲ್ಲಿ ಮಾತಾಡುತ್ತಲೇ ನೋಡಬಹುದು. ಮುಗಿದ ಮೇಲೆ ಜೋಮು ಇಳಿಯುವವರೆಗೆ, ಸುಮಾರು ಒಂದು ತಾಸು, ಚಹಾ ನೀರು ಏನೂ ಕುಡಿಯಬಾರದು. ಕುಡಿದರೆ ಶ್ವಾಸನಾಳಕ್ಕೆ ಜಾರಬಹುದು.

ಪರದೆಯ ಮೇಲೆ ಎಡ ತಂತು ಮುತ್ತಿನ ಬಣ್ಣದಲ್ಲಿ, ಅಂಚು ನೆಟ್ಟಗೆ ಇತ್ತು. ಬಲ ತಂತುವಿನ ಮುಂದಿನ ಅರ್ಧದಲ್ಲಿ ಬಿಳಿಯ ಒರಟು ಪದರು, ಒಣಗಿದ ಸುಣ್ಣದ ಹಾಗೆ ಹತ್ತಿಕೊಂಡಿತ್ತು. ಅಂಚಿನಲ್ಲಿ ಸ್ವಲ್ಪ ಉಬ್ಬಿತ್ತು. ಎರಡೂ ತಂತುಗಳು ಸರಿಯಾಗಿ ಅಲ್ಲಾಡುತ್ತಿದ್ದವು, ಇದು ನೆಮ್ಮದಿಯ ಸಂಗತಿ. ಅದು ಆಳಕ್ಕೆ ಇಳಿದು ಸ್ನಾಯುವನ್ನು ಹಿಡಿದಿದ್ದರೆ ತಂತು ನಿಧಾನವಾಗುತ್ತದೆ, ಆಮೇಲೆ ನಿಂತೇ ಬಿಡುತ್ತದೆ.

ಇಷ್ಟು ಸಣ್ಣ ಕಲೆಗೆ ದನಿ ಅಷ್ಟೇಕೆ ಕೆಡುತ್ತದೆ ಎಂದು ಕಾಕಾನ ಮಗ ಕೇಳಿದ. ಗಂಡಸರ ತಂತುಗಳು ಮಾತಾಡುವಾಗ ಸೆಕೆಂಡಿಗೆ 100ಕ್ಕೂ ಹೆಚ್ಚು ಸಲ, ಹೆಂಗಸರವು ಸುಮಾರು 200 ಸಲ ಒಂದಕ್ಕೊಂದು ಬಡಿಯುತ್ತವೆ. ಮೇಲಿನ ತೆಳು ಪೊರೆ ಅಲೆಯಂತೆ ಹೊರಳಬೇಕು. ಅದರ ಒಂದು ಕಡೆ ಗಟ್ಟಿಯಾದರೆ ಅಲೆ ಅಲ್ಲಿ ತಡೆಯುತ್ತದೆ, ಗಾಳಿ ಸೋರುತ್ತದೆ, ದನಿ ಒಡೆಯುತ್ತದೆ. ಈ ಕ್ಯಾನ್ಸರ್ ತನ್ನನ್ನು ಬೇಗ ತೋರಿಸಿಕೊಳ್ಳುವುದು ಇದರಿಂದಲೇ. ತಂತುವಿನ ಅಂಚಿನಲ್ಲಿ ದುಗ್ಧರಸ ಸಾಗಿಸುವ ನಾಳಗಳು ಬಹಳ ಕಡಿಮೆ, ಆದ್ದರಿಂದ ಕುತ್ತಿಗೆಯ ಗಂಟುಗಳಿಗೆ ಹರಡುವುದೂ ತಡವಾಗಿ.

ಆದರೆ ಬಿಳಿ ಕಲೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎನ್ನಲಾಗದು. ಬರೀ ಚರ್ಮ ದಪ್ಪಗಟ್ಟಿರಬಹುದು, ಕ್ಯಾನ್ಸರಿಗೆ ಮುಂಚಿನ ಹಂತವಿರಬಹುದು. ನೋಡಿ ಬೇರ್ಪಡಿಸಲು ಆಗುವುದಿಲ್ಲ, ಬಯಾಪ್ಸಿಯೇ ಬೇಕು. ಎದೆಯ ಎಕ್ಸ್‌ರೇ ಮತ್ತು ಕುತ್ತಿಗೆಯ ಸಿಟಿ ಮೊದಲು ಮಾಡಿಸಿದೆವು. ಬಯಾಪ್ಸಿ ಆದಮೇಲೆ ಊತ ಬಂದು ಚಿತ್ರ ಗೊಂದಲವಾಗುತ್ತದೆ, ಅದಕ್ಕೆ ಈ ಕ್ರಮ. ಆಮೇಲೆ ಪೂರ್ತಿ ಅರಿವಳಿಕೆ ಕೊಟ್ಟು, ಮೈಕ್ರೋಸ್ಕೋಪಿನ ಕೆಳಗೆ ತುಣುಕು ತೆಗೆದೆವು. ಒಂದು ವಾರಕ್ಕೆ ರಿಪೋರ್ಟ್ ಬಂತು: ಸ್ಕ್ವೇಮಸ್ ಸೆಲ್ ಕಾರ್ಸಿನೋಮ, ಅಂದರೆ ತಂತುವಿನ ಮೇಲ್ಪದರದ ಕ್ಯಾನ್ಸರ್, ಒಂದೇ ತಂತುವಿಗೆ ಸೀಮಿತ, ಮೊದಲ ಹಂತ.

ಶಿಕ್ಷಕಿಯ ಪರದೆ ಬೇರೆಯದೇ ಕಥೆ ಹೇಳಿತು. ಎರಡೂ ತಂತುಗಳ ಮೇಲೆ ಎದುರುಬದುರಾಗಿ, ಮುಂದಿನ ಮೂರನೇ ಒಂದು ಭಾಗ ಮುಗಿಯುವಲ್ಲಿ, ಸಣ್ಣ ಗಂಟುಗಳು. ಹೊಡೆತ ಹೆಚ್ಚು ಬೀಳುವ ಜಾಗ ಅದೇ. ಇದು ಕ್ಯಾನ್ಸರ್ ಆಗುವಂಥದ್ದಲ್ಲ, ಮೊದಲ ಉಪಾಯ ಆಪರೇಷನ್ನೂ ಅಲ್ಲ. ಸ್ಪೀಚ್ ಥೆರಪಿಸ್ಟ್ ಹತ್ತಿರ 6ರಿಂದ 8 ವಾರ ಧ್ವನಿ ತರಬೇತಿ, ತರಗತಿಗೆ ಸಣ್ಣ ಮೈಕು, ಮೇಜಿನ ಮೇಲೆ ನೀರು. ಗಂಟಲು ಕೆರೆಯಬೇಕೆನಿಸಿದಾಗ ಒಂದು ಗುಟುಕು ನೀರು ನುಂಗುವುದು. ದನಿ ಬಿದ್ದಾಗ ಪಿಸುಗುಟ್ಟಿ ಮಾತಾಡುವುದನ್ನು ಬಿಡಲು ಹೇಳಿದೆ, ಯಾಕೆಂದರೆ ಒತ್ತಿ ಪಿಸುಗುಟ್ಟಿದರೆ ಗಂಟಲಿನ ಸ್ನಾಯುಗಳು ಬಿಗಿಯುತ್ತವೆ. ಮೆಲ್ಲಗಿನ ಸಹಜ ದನಿ ಅದಕ್ಕಿಂತ ಮೇಲು. ಪ್ಯಾಂಟೊಪ್ರಜೋಲ್ ಅವರಿಗೆ ಬೇಕಿರಲಿಲ್ಲ, ನಿಲ್ಲಿಸಿದೆವು.

ಆ ಗುಳಿಗೆ ಕೆಟ್ಟದ್ದೆಂದು ಹೇಳುತ್ತಿಲ್ಲ. ತಂತುಗಳನ್ನು ನೋಡಿ ಬೇರೆ ರೋಗವಿಲ್ಲ ಎಂದಾದ ಮೇಲೆ, ಎದೆ ಉರಿ, ಹುಳಿತೇಗು ಇರುವವರಿಗೆ, ಊಟಕ್ಕೆ ಅರ್ಧ ತಾಸು ಮುಂಚೆ ತೆಗೆದುಕೊಳ್ಳುವಂತೆ 2-3 ತಿಂಗಳು ಬರೆದುಕೊಡುತ್ತೇವೆ. ಜೊತೆಗೆ ರಾತ್ರಿ ಊಟಕ್ಕೂ ಮಲಗುವುದಕ್ಕೂ 3 ತಾಸಿನ ಅಂತರ, ಸಂಜೆಯ ಗಿರ್ಮಿಟ್ ಮಿರ್ಚಿಗೆ ಕಡಿವಾಣ, ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಅರ್ಧ ಅಡಿ ಎತ್ತರಕ್ಕೆ ಇಟ್ಟಿಗೆ. ಎರಡು ದಿಂಬು ಇಟ್ಟರೆ ಕುತ್ತಿಗೆ ಮಡಚುತ್ತದೆ, ಹೊಟ್ಟೆ ಒತ್ತುತ್ತದೆ, ಉಪಯೋಗವಿಲ್ಲ. ನೋಡದೆ ಗುಳಿಗೆ ಶುರು ಮಾಡಿದರೆ ನಡುವೆ ನಾಲ್ಕು ದಿನ ದನಿ ಕೊಂಚ ತಿಳಿಯಾದಾಗ ಗುಣವಾಗುತ್ತಿದೆ ಎಂದು ಇನ್ನೊಂದು ತಿಂಗಳು ದೂಡುತ್ತಾರೆ. ಆ ತಿಂಗಳೇ ನನಗೆ ಸಂಕಟ ಕೊಡುವುದು.

ಮೂರು ವಾರ ಕಾಯುವುದೂ ಎಲ್ಲರಿಗೂ ಅಲ್ಲ. ಉಸಿರೆಳೆದಾಗ ಗೊರಗೊರ ಸದ್ದು ಬಂದರೆ ಅದೇ ತಾಸು ಆಸ್ಪತ್ರೆಗೆ ಹೋಗಬೇಕು. ಕಫದಲ್ಲಿ ರಕ್ತ, ಕುತ್ತಿಗೆಯಲ್ಲಿ ಗಡ್ಡೆ, ನುಂಗಲು ಕಷ್ಟ, ತೂಕ ಇಳಿಯುವುದು ಇದ್ದರೆ ಆ ವಾರವೇ ತೋರಿಸಬೇಕು. ಥೈರಾಯ್ಡ್ ಆಪರೇಷನ್ ಆದಮೇಲೆ ಬಿದ್ದ ದನಿಯನ್ನೂ ಹಾಗೆ ಬಿಡಬಾರದು. ದನಿಯಲ್ಲಿ ಬರೀ ಗಾಳಿ ಬರುತ್ತಿದ್ದು, ನೀರು ಕುಡಿದರೆ ಕೆಮ್ಮು ಹತ್ತಿದರೆ ಒಂದು ತಂತು ನಿಂತಿರಬಹುದು. ಎಡ ತಂತುವಿನ ನರ ಎದೆಯೊಳಗೆ ಇಳಿದು ಮಹಾಧಮನಿಯನ್ನು ಬಳಸಿ ಮೇಲೆ ಬರುತ್ತದೆ, ಆದ್ದರಿಂದ ಆಗ ಶ್ವಾಸಕೋಶವನ್ನೂ ನೋಡಬೇಕು. ಕೆಮ್ಮು, ಸಂಜೆ ಜ್ವರ ಜೊತೆಗಿದ್ದರೆ ಕ್ಷಯಕ್ಕಾಗಿ ಕಫ ಪರೀಕ್ಷೆ ತಪ್ಪಿಸಬಾರದು. ಕ್ಷಯ ಧ್ವನಿಪೆಟ್ಟಿಗೆಗೂ ಬರುತ್ತದೆ, ಕಣ್ಣಿಗೆ ಕ್ಯಾನ್ಸರಿನಂತೆಯೇ ಕಾಣಬಲ್ಲದು.

ಕಾಕಾಗೆ ಎರಡು ದಾರಿಗಳಿದ್ದವು: ಲೇಸರಿನಿಂದ ತೆಗೆಯುವುದು, ಇಲ್ಲವೇ ವಿಕಿರಣ. ಈ ಹಂತದಲ್ಲಿ ಎರಡರಿಂದಲೂ ನೂರಕ್ಕೆ ತೊಂಬತ್ತರಷ್ಟು ಜನ ಗುಣವಾಗುತ್ತಾರೆ. ಕಲೆ ತಂತುಗಳು ಮುಂದೆ ಕೂಡುವ ಮೂಲೆಯ ಹತ್ತಿರ ಬಂದಿದ್ದರಿಂದ ಅವರು ವಿಕಿರಣ ಆಯ್ದುಕೊಂಡರು. ವಾರಕ್ಕೆ 5 ದಿನದಂತೆ 28 ಸಲ. ದಿನಕ್ಕೆ ಕೆಲ ನಿಮಿಷವಾದರೂ ಐದೂವರೆ ವಾರ ತಪ್ಪದೆ ಬರಬೇಕು, ನಡುವೆ ಹಬ್ಬಕ್ಕೆಂದು ದಿನಗಳನ್ನು ಬಿಟ್ಟರೆ ಗುಣವಾಗುವ ಸಾಧ್ಯತೆ ಇಳಿಯುತ್ತದೆ. ಬೀಡಿಯನ್ನು ಮೊದಲ ದಿನವೇ ಬಿಡಿಸಿದೆವು. ಸೇದುತ್ತಲೇ ವಿಕಿರಣ ತೆಗೆದುಕೊಂಡರೆ ಅದರ ಪರಿಣಾಮ ಕಡಿಮೆ, ಗಂಟಲು ಸುಡುವುದು ಜಾಸ್ತಿ, ಮುಂದೆ ಬಾಯಿಯಲ್ಲೋ ಶ್ವಾಸಕೋಶದಲ್ಲೋ ಎರಡನೆಯ ಕ್ಯಾನ್ಸರ್ ಬರುವ ಭಯವೂ ಉಳಿಯುತ್ತದೆ.

ಮೂರನೇ ವಾರದಲ್ಲಿ ಅವರ ದನಿ ಮೊದಲಿಗಿಂತ ಕೆಟ್ಟಿತು. ಹೀಗಾಗುತ್ತದೆಂದು ಮೊದಲೇ ಹೇಳಿದ್ದರಿಂದ ಮನೆಯವರು ಹೆದರಲಿಲ್ಲ. ವಿಕಿರಣ ಮುಗಿದ ಎರಡು ತಿಂಗಳಿಗೆ ತಿಳಿಯಾಗುತ್ತ ಬಂತು. ಮೊದಲ ವರ್ಷ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ದುರ್ಬೀನಿನಿಂದ ನೋಡಬೇಕು, ಆಮೇಲೆ ಅಂತರ ಹೆಚ್ಚಿಸಬಹುದು. ಒಮ್ಮೆ ತಿಳಿಯಾದ ದನಿ ಮತ್ತೆ ಒರಟಾದರೆ ಮುಂದಿನ ತಾರೀಖಿಗೆ ಕಾಯದೆ, ಅದೇ ವಾರ ಬರಬೇಕೆಂದು ಅವರ ಫೈಲಿನ ಮೊದಲ ಹಾಳೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದ್ದೇವೆ.